ನರದ ಬಣ್ಣ ನೋಡಿ ಆಭರಣ ಆರಿಸಬಹುದೇ?

"ಮಣಿಕಟ್ಟಿನ ನರ ಹಸಿರಾಗಿದ್ದರೆ ಚಿನ್ನ, ನೀಲಿಯಾಗಿದ್ದರೆ ಬೆಳ್ಳಿ ಮಾತ್ರ ಒಪ್ಪುತ್ತದೆ. ಕಪ್ಪಗಿರುವವರಿಗೆ ಬೆಳ್ಳಿ ಬೇಡವೇ ಬೇಡ. ನಿಜವೇ?"

ಸತ್ಯಾಂಶ: ಇಲ್ಲ. ಆ ನಾಳಗಳಲ್ಲಿ ಹರಿಯುವ ರಕ್ತ ಕಡುಗೆಂಪು. ಚರ್ಮದೊಳಗೆ ಬೆಳಕು ಚದುರುವುದರಿಂದ ಅವು ನೀಲಿಯೋ ಹಸಿರೋ ಆಗಿ ಕಾಣುತ್ತವೆ. ನಾಳದ ಆಳ, ಚರ್ಮದ ಬಣ್ಣ, ದೀಪ ಬದಲಾದರೆ ಕಾಣುವ ಬಣ್ಣವೂ ಬದಲು. ಹಳದಿ ಬಲ್ಬಿನಡಿ ಹಸಿರೆನಿಸಿದ್ದು ಕಿಟಕಿಯ ಬಳಿ ನೀಲಿಯಾಗಬಹುದು.

ಇನ್ನೊಂದು ಗೊಂದಲವೂ ಇದೆ. ಚರ್ಮ ಎಷ್ಟು ಗಾಢ ಎನ್ನುವುದು ಬೇರೆ, ಅದರ ಒಳಛಾಯೆ ಬೇರೆ. ಕಪ್ಪು ಮೈಬಣ್ಣದಲ್ಲೂ ಹಳದಿ ಕಡೆಗೆ ವಾಲುವ ಬೆಚ್ಚನೆಯ ಛಾಯೆ, ನೀಲಿ ಕಡೆಗೆ ವಾಲುವ ತಂಪು ಛಾಯೆ ಎರಡೂ ಇವೆ. ಗಾಢ ಚರ್ಮದ ಮೇಲೆ ಬೆಳ್ಳಿ ಎದ್ದು ಕಾಣುತ್ತದೆ. ನನಗಂತೂ ಅದೇ ಚೆಂದ.

ಹಗಲು ಬೆಳಕಿನಲ್ಲಿ ಕತ್ತಿನ ಬಳಿ ಎರಡೂ ಲೋಹ ಹಿಡಿದು ಚರ್ಮವನ್ನು ನೋಡಿ, ಒಡವೆಯನ್ನಲ್ಲ. ಮುಖ ಮಂಕೆನಿಸಿದರೆ ಆ ಲೋಹ ಬಿಡಿ.

ತೊಟ್ಟ ಬಟ್ಟೆಯ ಬಣ್ಣವನ್ನೂ ನೋಡಬೇಕು. ನೀಲಿ ಬೆರೆತ ನೇರಳೆ ಬಟ್ಟೆಗೆ ಬೆಳ್ಳಿಯಲ್ಲಿ ಕೂರಿಸಿದ ಅಮೆಥಿಸ್ಟ್ ಎಂಬ ನೇರಳೆ ಕಲ್ಲು ಬೆರೆತುಹೋಗುತ್ತದೆ. ಅದೇ ಕಲ್ಲನ್ನು ಚಿನ್ನದಲ್ಲಿ ಕೂರಿಸಿದರೆ ಹಳದಿ ಅಂಚಿನಿಂದ ಎದ್ದು ನಿಲ್ಲುತ್ತದೆ. ಎರಡೂ ತಪ್ಪಲ್ಲ.