ಎರಕದ ಉಂಗುರ: ಶೇ. 5 ಹಿಗ್ಗಿಸುವ ಮಾತಿಗೆ ಸ್ಪಷ್ಟನೆ

"ಎರಕದಲ್ಲಿ ಉಂಗುರ ಕುಗ್ಗುತ್ತೆ. ಮಾಡೆಲ್ ಮುಗಿದ ಮೇಲೆ ಎಲ್ಲವನ್ನೂ ಶೇ. 5 ಹಿಗ್ಗಿಸಿದರೆ ಸಾಕಂತೆ, ನಿಜಾನಾ?"

ಕುಗ್ಗುವುದು ನಿಜ, ಆದರೆ ಆ ಸಂಖ್ಯೆ ಎಲ್ಲರಿಗೂ ಒಂದೇ ಅಲ್ಲ. ರಬ್ಬರ್ ಅಚ್ಚಿನಲ್ಲಿ ಮೇಣ ತುಂಬಿ ಎರಕ ಹೊಯ್ಯುವವರಿಗೆ ಅದು ಹೊಂದಬಹುದು. ರೆಸಿನ್‌ನಲ್ಲಿ ಪ್ರಿಂಟ್ ತೆಗೆದು ನೇರವಾಗಿ ಎರಕಕ್ಕೆ ಹಾಕಿದರೆ ಕುಗ್ಗುವಿಕೆ ಸಾಮಾನ್ಯವಾಗಿ ತುಂಬಾ ಕಡಿಮೆ.

ಒಳವ್ಯಾಸ 17.2 ಮಿ.ಮೀ., ಹರಳು 6.5 ಮಿ.ಮೀ. ಇರುವ ಉಂಗುರ ಎಂದುಕೊಳ್ಳಿ. ಶೇ. 5 ಹಿಗ್ಗಿಸಿದಿರಿ, ಕುಗ್ಗಿದ್ದು ಶೇ. 1.5 ಮಾತ್ರ. ಒಳವ್ಯಾಸ ಸುಮಾರು 17.8 ಆಗುತ್ತದೆ, ಉಂಗುರ ಬೆರಳಲ್ಲಿ ಜಾರುತ್ತದೆ. ಹರಳಿನ ಗೂಡು 6.7 ದಾಟುತ್ತದೆ. ಹರಳು ಕೂರಿಸಿ ಬೆರಳಿನಿಂದ ತಟ್ಟಿದರೆ ಟಕಟಕ ಅಲ್ಲಾಡುತ್ತದೆ. ಉಂಗುರವನ್ನು ಕತ್ತರಿಸಿ ಬೆಸೆದು ಚಿಕ್ಕದು ಮಾಡಬಹುದು, ಅಗಲವಾದ ಗೂಡಿಗೆ ಅಂಥ ಸುಲಭದ ದಾರಿ ಇಲ್ಲ. ನನಗೆ ಹೆಚ್ಚು ಚಿಂತೆ ಇದರದ್ದೇ.

ಇನ್ನೊಂದು, ಪಾಲಿಶ್ ತಿನ್ನುವ ಲೋಹ ಶೇಕಡಾ ಲೆಕ್ಕಕ್ಕೆ ಸಿಗುವುದಿಲ್ಲ. ಒಳಗೆ ಸುತ್ತಲೂ 0.1 ಮಿ.ಮೀ. ಸವೆದರೆ ವ್ಯಾಸ 0.2 ಹೆಚ್ಚುತ್ತದೆ. ಹಾಗಾಗಿ 17.2ರಿಂದ ಅದನ್ನು ಕಳೆದು, ಉಳಿದ 17.0 ಅನ್ನು, ಶೇ. 1.5 ಕುಗ್ಗಿದ ಮೇಲೆ ಉಳಿಯುವ ಪಾಲಾದ 0.985ರಿಂದ ಭಾಗಿಸಿ: ಮಾಡೆಲ್‌ನ ಒಳವ್ಯಾಸ 17.26.

ಗೂಡನ್ನು ಕ್ಯಾಲಿಪರ್‌ನಿಂದ ಅಳೆದ ಹರಳಿಗಿಂತ ಸ್ವಲ್ಪ ಬಿಗಿಯಾಗಿಯೇ ಬಿಡಿ. ಎರಕದ ನಂತರ ಬರ್‌ನಿಂದ ಕೊರೆದು ಕೂರಿಸಲು ಲೋಹ ಬೇಕು. ನಿಮ್ಮ ಕುಗ್ಗುವಿಕೆ ಎಷ್ಟೆಂದು ತಿಳಿಯಲು ಅದೇ ರೆಸಿನ್, ಅದೇ ಲೋಹದಲ್ಲಿ ಒಂದು ಸಾದಾ ಉಂಗುರ ಎರೆದು, ಮಾಡೆಲ್‌ನ ಅಳತೆಯನ್ನೂ ಪಾಲಿಶ್‌ಗೆ ಮುಂಚಿನ ಎರಕದ ಅಳತೆಯನ್ನೂ ಹೋಲಿಸಿ.