ಶೇ 95 ಕಂಡ ಕೂಡಲೇ ಜಾಹೀರಾತು ಪರೀಕ್ಷೆ ನಿಲ್ಲಿಸಬೇಡಿ: ಒಂದು ಸ್ಪಷ್ಟನೆ

ಜಾಹೀರಾತಿನ ಎರಡು ಶೀರ್ಷಿಕೆಗಳಲ್ಲಿ ಯಾವುದಕ್ಕೆ ಹೆಚ್ಚು ಕ್ಲಿಕ್ ಬರುತ್ತದೆ ಎಂದು ಪರೀಕ್ಷಿಸುವ ಬಗ್ಗೆ ಹೀಗೊಂದು ಸಂದೇಶ ಹರಿದಾಡುತ್ತಿದೆ: “ಎರಡು ಶೀರ್ಷಿಕೆಗಳನ್ನು ಒಟ್ಟಿಗೆ ಬಿಡಿ, ದಿನವೂ ನೋಡುತ್ತಿರಿ. ಶೇ 95 ವಿಶ್ವಾಸ ಎಂದು ಕಂಡ ಕೂಡಲೇ ನಿಲ್ಲಿಸಿ. ಮುಂದಿರುವುದೇ ಗೆದ್ದ ಶೀರ್ಷಿಕೆ.”

ಈ ಸಲಹೆ ತಪ್ಪು. ಶೇ 95 ಎಂದರೆ, ಎರಡೂ ಸಮಾನವಾಗಿದ್ದಾಗ ನೂರರಲ್ಲಿ ಸುಮಾರು ಐದು ಪರೀಕ್ಷೆಗಳು ಮಾತ್ರ ತಪ್ಪಾಗಿ ವಿಜೇತರನ್ನು ತೋರಿಸುತ್ತವೆ ಎಂಬ ಭರವಸೆ. ಫಲಿತಾಂಶವನ್ನು ಒಂದೇ ಬಾರಿ, ಮೊದಲೇ ನಿಗದಿಪಡಿಸಿದ ಹಂತದಲ್ಲಿ ನೋಡಿದರೆ ಮಾತ್ರ ಅದು ಉಳಿಯುತ್ತದೆ. ಎರಡೂ ಶೀರ್ಷಿಕೆಗಳು ನಿಜವಾಗಿ ಸಮಾನವಾಗಿದ್ದಾಗಲೂ ಹತ್ತು ಬಾರಿ ಇಣುಕಿ, ಗೆರೆ ದಾಟಿದ ಕ್ಷಣ ನಿಲ್ಲಿಸಿದರೆ, ನೂರರಲ್ಲಿ ಸುಮಾರು 19 ಪರೀಕ್ಷೆಗಳು ಇಲ್ಲದ ವಿಜೇತರನ್ನು ಘೋಷಿಸುತ್ತವೆ. ಐದು ಎಂದುಕೊಂಡದ್ದು ಹತ್ತೊಂಬತ್ತಾಗುತ್ತದೆ.

ಹಾಗಾಗಿ ಎಷ್ಟು ಜನ ಬೇಕು ಎಂಬುದನ್ನು ಆರಂಭಕ್ಕೆ ಮೊದಲೇ ಲೆಕ್ಕ ಹಾಕಿ. ಈಗಿನ ಶೀರ್ಷಿಕೆಯನ್ನು ನೋಡಿದವರಲ್ಲಿ ಶೇ 2ರಷ್ಟು ಮಂದಿ ಕ್ಲಿಕ್ ಮಾಡುತ್ತಾರೆ, ಹೊಸದು ಅದನ್ನು ಶೇ 2.5ಕ್ಕೆ ಏರಿಸಿದರೆ ಮಾತ್ರ ಪ್ರಯೋಜನ ಎಂದುಕೊಳ್ಳೋಣ. ಅಷ್ಟು ವ್ಯತ್ಯಾಸ ನಿಜವಾಗಿ ಇದ್ದರೆ ಹತ್ತರಲ್ಲಿ ಎಂಟು ಬಾರಿ ಅದನ್ನು ಹಿಡಿಯಲು ಪ್ರತಿ ಶೀರ್ಷಿಕೆಗೂ ಸುಮಾರು 14,000 ಜನ ಬೇಕು. ತಲಾ ಸಾವಿರ ಜನರಿಗೆ ತೋರಿಸಿ ಒಂದಕ್ಕೆ 20, ಇನ್ನೊಂದಕ್ಕೆ 35 ಕ್ಲಿಕ್ ಬಂದಾಗಲೇ ಪರದೆಯಲ್ಲಿ ಶೇ 95 ಕಾಣಿಸಬಹುದು. ಆಸೆ ಹುಟ್ಟಿಸುವ ಅಂಕಿ ಅದು, ಆದರೂ ಕಾಯಲೇಬೇಕು.

ಇನ್ನೊಂದು ಮಾತು. ಎರಡನ್ನೂ ಒಂದೇ ಜಾಹೀರಾತು ಗುಂಪಿನಲ್ಲಿ ಸುಮ್ಮನೆ ಹಾಕಿದರೆ ಜಾಹೀರಾತು ವ್ಯವಸ್ಥೆಯೇ ಒಂದೊಂದನ್ನು ಬೇರೆ ಬೇರೆ ಬಗೆಯ ಜನರಿಗೆ ತೋರಿಸತೊಡಗಬಹುದು. ಆಗ ನೀವು ಅಳೆಯುವುದು ಶೀರ್ಷಿಕೆಯನ್ನಲ್ಲ, ಓದುಗರನ್ನು. ಜನರನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡುವ ಪ್ರಯೋಗದ ಆಯ್ಕೆಯನ್ನೇ ಬಳಸಿ. ಚಿತ್ರ, ಬಜೆಟ್, ಅವಧಿ ಎಲ್ಲವೂ ಒಂದೇ ಇರಲಿ.

ದಯವಿಟ್ಟು ಮೇಲಿನ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.