ಸೆಂಟ್ರಿಂಗ್ ಬಿಚ್ಚುವ ದಿನ ನೋಡಿ ಸಿಮೆಂಟ್ ಆರಿಸಿ

ಮನೆ ಕಟ್ಟಿಸಲು ಹೊರಟವರು ಸಿಮೆಂಟಿನ ಬಗ್ಗೆ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಒಪಿಸಿ ಗಟ್ಟಿಯೋ, ಪಿಪಿಸಿ ಗಟ್ಟಿಯೋ? ಒಪಿಸಿ ಎಂಬ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಚೀಲದ ಮೇಲೆ 43 ಅಥವಾ 53 ಎಂದು ದಪ್ಪಕ್ಷರದಲ್ಲಿ ಇರುತ್ತದೆ, ಹಾರುಬೂದಿ ಬೆರೆತ ಪಿಪಿಸಿ ಚೀಲದ ಮೇಲೆ ಅಂಥ ಅಂಕಿ ಇರುವುದಿಲ್ಲ. ಹೀಗಾಗಿ ಅಂಕಿ ಇಲ್ಲದ್ದು ಕಳಪೆ, ಬೂದಿ ಬೆರೆತದ್ದು ಕಲಬೆರಕೆ ಎಂಬ ಅನುಮಾನ ಹುಟ್ಟುತ್ತದೆ. ನನ್ನ ಅಭಿಪ್ರಾಯದಲ್ಲಿ ಗಟ್ಟಿತನದ ಪ್ರಶ್ನೆಯೇ ಇಲ್ಲಿ ದಾರಿ ತಪ್ಪಿಸುತ್ತದೆ. ಎರಡೂ ಕೊನೆಗೆ ಮನೆಗೆ ಬೇಕಾದಷ್ಟು ಗಟ್ಟಿಯಾಗುತ್ತವೆ. ವ್ಯತ್ಯಾಸವಿರುವುದು ಎಷ್ಟು ದಿನಕ್ಕೆ ಗಟ್ಟಿಯಾಗುತ್ತವೆ ಮತ್ತು ಅಷ್ಟು ದಿನ ನಾವು ನೀರುಣಿಸುತ್ತೇವೆಯೇ ಎಂಬುದರಲ್ಲಿ.

ಸಾಮಾನ್ಯ ಸಿಮೆಂಟು ನೀರಿನೊಡನೆ ಸೇರಿದಾಗ ಜಲ್ಲಿ ಮರಳನ್ನು ಹಿಡಿದಿಡುವ ಅಂಟಿನಂಥ ವಸ್ತುವೊಂದು ಹುಟ್ಟುತ್ತದೆ, ಅದರ ಜೊತೆಗೇ ಒಂದಷ್ಟು ಸುಣ್ಣವೂ ಬಿಡುಗಡೆಯಾಗುತ್ತದೆ. ಈ ಸುಣ್ಣದಿಂದ ಬಲಕ್ಕೆ ಹೆಚ್ಚಿನ ಪ್ರಯೋಜನವಿಲ್ಲ, ನೀರು ಹರಿದಾಡಿದರೆ ಕರಗಿ ಹೊರಬರುತ್ತದೆ. ಹಳೆಯ ತಾರಸಿಯ ಅಡಿಯಲ್ಲಿ ಬಿಳಿ ಗೆರೆಗಳಾಗಿ ಇಳಿದಿರುವುದು ಬಹುಮಟ್ಟಿಗೆ ಅದೇ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳಲ್ಲಿ ಹೊಗೆಯೊಡನೆ ಬರುವ ನುಣುಪಾದ ಹಾರುಬೂದಿಯಲ್ಲಿರುವ ಸಿಲಿಕ ಈ ಸುಣ್ಣವನ್ನು ಹಿಡಿದು ಮತ್ತಷ್ಟು ಅಂಟನ್ನೇ ಮಾಡುತ್ತದೆ, ಕಾಂಕ್ರೀಟಿನ ಒಳಗಿನ ಸೂಕ್ಷ್ಮ ರಂಧ್ರಗಳನ್ನು ತುಂಬುತ್ತದೆ. ಆದರೆ ಆ ಕೆಲಸ ಶುರುವಾಗಬೇಕಾದರೆ ಮೊದಲು ಸುಣ್ಣ ಹುಟ್ಟಿರಬೇಕು, ನಡೆಯುತ್ತಿರುವಷ್ಟು ಕಾಲ ತೇವ ಇರಬೇಕು. ಪಿಪಿಸಿಯ ಗುಣ ದೋಷಗಳೆಲ್ಲ ಈ ಒಂದು ವಿಳಂಬದಿಂದಲೇ ಬರುತ್ತವೆ.

ಭಾರತೀಯ ಮಾನಕಗಳು ಕೇಳುವ ಕನಿಷ್ಠ ಬಲವನ್ನೇ ನೋಡಿ. 43 ದರ್ಜೆಯ ಒಪಿಸಿಯ ಗಾರೆಯ ಘನ 7 ದಿನಕ್ಕೆ 33, 28 ದಿನಕ್ಕೆ 43 ಮೆಗಾಪ್ಯಾಸ್ಕಲ್ ತಾಳಬೇಕು. ಪಿಪಿಸಿಗೆ 7 ದಿನಕ್ಕೆ 22, 28 ದಿನಕ್ಕೆ 33 ಸಾಕು. ಇವು ಕನಿಷ್ಠ ಮಿತಿಗಳಷ್ಟೇ, ಒಳ್ಳೆಯ ಪಿಪಿಸಿ ಇದಕ್ಕಿಂತ ಸಾಕಷ್ಟು ಮೇಲಿರುತ್ತದೆ, 28 ದಿನದ ನಂತರವೂ ಬಲ ಏರುತ್ತಲೇ ಹೋಗುತ್ತದೆ. ಮೊದಲ ವಾರದಲ್ಲಿ ಮಾತ್ರ ಅದು ಹಿಂದೆ ಬೀಳುತ್ತದೆ, ಚಳಿಗಾಲದಲ್ಲಿ ಇನ್ನಷ್ಟು.

ಇದರ ಪರಿಣಾಮ ಎದ್ದು ಕಾಣುವುದು ತಾರಸಿಯಲ್ಲಿ. 3 ಮೀಟರ್ ಅಗಲ, 4 ಮೀಟರ್ ಉದ್ದದ ಒಂದು ಕೋಣೆಗೆ 12.5 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್ ಹಾಕಿದ್ದೇವೆ ಎಂದುಕೊಳ್ಳೋಣ. ಅಲ್ಲಿರುವುದು ಒಂದೂವರೆ ಘನ ಮೀಟರ್ ಕಾಂಕ್ರೀಟು, ಕಬ್ಬಿಣವೂ ಸೇರಿ ತೂಕ ಸುಮಾರು 3,750 ಕಿಲೋ. ಕೆಳಗೆ ಆಸರೆಯಾಗಿ ನಿಲ್ಲಿಸಿದ ಸೆಂಟ್ರಿಂಗಿನ ಕಂಬಗಳನ್ನು ತೆಗೆದ ಕ್ಷಣದಿಂದ ಇಷ್ಟನ್ನೂ ಆ ಎಳೆಯ ಕಾಂಕ್ರೀಟು ತಾನೇ ಹೊರಬೇಕು. ಇಂಥ ಸಣ್ಣ ಅಂತರದ, ಅಂದರೆ ನಾಲ್ಕೂವರೆ ಮೀಟರಿನ ಒಳಗಿನ ಸ್ಲ್ಯಾಬಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುವ ಅವಧಿ 7 ದಿನ. ಆದರೆ ಅದು ಒಪಿಸಿಗೆ ಹೇಳಿದ್ದು, ಬೇರೆ ಸಿಮೆಂಟಾದರೆ ಅವಧಿಯನ್ನು ತಕ್ಕಂತೆ ಬದಲಿಸಿಕೊಳ್ಳಬೇಕು. ಹಾಗಿದ್ದರೂ ಯಾವ ಸಿಮೆಂಟ್ ತಂದರೂ ಎಂಟನೆಯ ದಿನ ಸೆಂಟ್ರಿಂಗ್ ಬಿಚ್ಚಿ ಮುಂದಿನ ಕೆಲಸಕ್ಕೆ ಸಾಗಿಸುವುದು ಬಹಳ ಕಡೆ ರೂಢಿಯಾಗಿಬಿಟ್ಟಿದೆ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಮೇಲಿನ ಗೋಡೆಗೆಂದು ಮರುದಿನವೇ ಐನೂರು ಇಟ್ಟಿಗೆಗಳನ್ನು ಆ ಸ್ಲ್ಯಾಬಿನ ನಡುವೆ ಪೇರಿಸಿದರೆ, ಇಟ್ಟಿಗೆಗೆ 3 ಕಿಲೋ ಹಿಡಿದರೂ ಒಂದೂವರೆ ಟನ್ ಒಂದೇ ಜಾಗದಲ್ಲಿ ಕೂತಂತಾಯಿತು.

ಇದರಿಂದ ತಾರಸಿ ಕುಸಿದು ಬೀಳುವುದು ಅಪರೂಪ, ಆದ್ದರಿಂದಲೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಗುವುದು ಬಾಗು. ಎಳೆಯ ಕಾಂಕ್ರೀಟು ಭಾರಕ್ಕೆ ಬೇಗ ಜಗ್ಗುತ್ತದೆ, ಹಾಗೆ ಜಗ್ಗಿದ್ದರಲ್ಲಿ ಬಹುಪಾಲು ಆಮೇಲೆ ಎಷ್ಟು ಬಲ ಬಂದರೂ ಮರಳಿ ಏರುವುದಿಲ್ಲ. ಕೋಣೆಯ ಎರಡು ಗೋಡೆಗಳ ನಡುವೆ ಸ್ಲ್ಯಾಬಿನ ಅಡಿಗೆ ಹುರಿ ಹಿಡಿದು ಬಿಗಿದರೆ ನಡುಭಾಗ ಹುರಿಯನ್ನು ಕೆಳಕ್ಕೆ ಒತ್ತುವುದು ಕಾಣುತ್ತದೆ. ಅಲ್ಲೇ, ಕಿರಿಯ ಅಂತರಕ್ಕೆ ಅಡ್ಡವಾಗಿ, ಕೂದಲೆಳೆಯಂಥ ಬಿರುಕುಗಳಿರಬಹುದು. ಮೇಲೆ ಹೋಗಿ ನೋಡಿದರೆ ಮಳೆಯ ನೀರು ಹೊರಗೆ ಹರಿಯದೆ ನಡುವೆಯೇ ನಿಂತಿರುತ್ತದೆ. ಇಷ್ಟಾದ ಮೇಲೆ ಬೈಗುಳ ಬೀಳುವುದು ಬೂದಿ ಸಿಮೆಂಟಿಗೆ!

ಪಿಪಿಸಿಯಲ್ಲಿ ತಾರಸಿ ಹಾಕಬಾರದೆಂದು ನಾನು ಹೇಳುತ್ತಿಲ್ಲ, ಅದು ನನ್ನ ಮೊದಲ ಆಯ್ಕೆಯೇ. ಆದರೆ ಮೇಲಿನಂಥ ಸ್ಲ್ಯಾಬಿಗೆ ಕನಿಷ್ಠ 10 ದಿನ, ಚಳಿ ಇದ್ದರೆ 14 ದಿನ ಕಂಬಗಳು ಕದಲಬಾರದು ಎಂಬ ಮಾತು ಕಾಂಕ್ರೀಟ್ ಹಾಕುವ ಮೊದಲೇ ಮೇಸ್ತ್ರಿಯೊಡನೆ ಆಗಿರಬೇಕು. ಅನುಮಾನವಿದ್ದರೆ ಅದೇ ಕಾಂಕ್ರೀಟಿನಿಂದ 15 ಸೆಂಟಿಮೀಟರಿನ ಘನಗಳನ್ನು ಮಾಡಿ, ಪ್ರಯೋಗಾಲಯದ ತೊಟ್ಟಿಯಲ್ಲಿಡದೆ ಸ್ಲ್ಯಾಬಿನ ಪಕ್ಕದಲ್ಲೇ ಅದೇ ನೀರು, ಅದೇ ಬಿಸಿಲಿನಲ್ಲಿಟ್ಟು, ಬಿಚ್ಚುವ ಮುನ್ನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅಷ್ಟು ದಿನ ಕಾಯಲು ನಿಜಕ್ಕೂ ಸಾಧ್ಯವಿಲ್ಲ, ಸೆಂಟ್ರಿಂಗ್ ಬಾಡಿಗೆ ಏರುತ್ತಿದೆ, ಮೇಲಿನ ಮಹಡಿ ಎದ್ದೇಳಲೇಬೇಕು ಎಂದಾದರೆ ಅಲ್ಲಿಗೆ ಒಪಿಸಿ ತನ್ನಿ. ಒಪಿಸಿಯ ನಿಜವಾದ ಜಾಗ ಅದೇ: ಬೇಗ ಬಲ ಬೇಕಾದ ಸ್ಲ್ಯಾಬು ಬೀಮುಗಳು, ಅಚ್ಚಿನಿಂದ ಬೇಗ ತೆಗೆಯಬೇಕಾದ ಸಿದ್ಧ ಹಲಗೆಗಳು, ತುರ್ತು ದುರಸ್ತಿ.

ನೀರುಣಿಸುವುದರಲ್ಲೂ ಲೆಕ್ಕ ಬೇರೆ. ಒಪಿಸಿ ಕಾಂಕ್ರೀಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಬೆರಕೆ ಸಿಮೆಂಟಿನದಕ್ಕೆ ಕನಿಷ್ಠ 10 ದಿನ, ಒಣಹವೆಯ ಬೇಸಗೆಯಲ್ಲಿ ಕ್ರಮವಾಗಿ 10 ಮತ್ತು 14 ದಿನ ಎಂದು ಅದೇ ಐಎಸ್ 456 ಹೇಳುತ್ತದೆ. ಸ್ಲ್ಯಾಬಿನ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದರಿಂದ ಅಲ್ಲಿ ಅಷ್ಟು ತೊಂದರೆಯಿಲ್ಲ. ಸೊರಗುವುದು ಮನೆಯ ಕಾಂಕ್ರೀಟ್ ಕಂಬಗಳು. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಹೋದರೆ ಮಧ್ಯಾಹ್ನಕ್ಕೆ ಒಣಗಿರುತ್ತವೆ. ಹಾರುಬೂದಿಯ ಕೆಲಸ ಅಲ್ಲಿಗೇ ನಿಂತು, ಕಬ್ಬಿಣವನ್ನು ಕಾಯಬೇಕಾದ ಹೊರಪದರವೇ ರಂಧ್ರಮಯವಾಗಿ ಉಳಿಯುತ್ತದೆ. ಮೊಳೆಯಿಂದ ಗೀರಿದರೆ ಪುಡಿ ಉದುರುವ ಕಂಬ ಬಹುತೇಕ ನೀರು ಕಾಣದ ಕಂಬ. ಗೋಣಿತಾಟು ಸುತ್ತಿ ಸದಾ ತೇವವಾಗಿಡುವವರಿಲ್ಲದಿದ್ದರೆ ಪಿಪಿಸಿಯಿಂದ ಸಿಗಬೇಕಾದ ಬಾಳಿಕೆ ಸಿಗುವುದಿಲ್ಲ.

ಅವಸರವಿಲ್ಲದ ಕಡೆಯೆಲ್ಲ ಪಿಪಿಸಿಯೇ ಮೇಲು ಎನ್ನುತ್ತೇನೆ. ಪಾಯದ ಕಾಂಕ್ರೀಟಿನ ಮೇಲೆ ಪೂರ್ತಿ ಭಾರ ಬೀಳುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ, ಮಣ್ಣಿನ ತೇವ ಮತ್ತು ಲವಣಗಳನ್ನು ತಡೆಯಲು ಅದರ ಬಿಗಿ ರಚನೆ ಅನುಕೂಲ. ನೀರಿನ ತೊಟ್ಟಿ, ಸ್ನಾನದ ಮನೆಯ ತಗ್ಗು ಸ್ಲ್ಯಾಬುಗಳಿಗೂ ಹಾಗೆಯೇ. ಇಟ್ಟಿಗೆ ಕಟ್ಟುವುದಕ್ಕೆ, ಗಿಲಾವಿಗೆ 53 ದರ್ಜೆಯ ಒಪಿಸಿ ಬಳಸುವುದಂತೂ ನನಗೆ ಒಪ್ಪಿಗೆಯಿಲ್ಲ, ಅಲ್ಲಿ ಅಷ್ಟು ಬಲ ಬೇಡವೇ ಬೇಡ. ಗಟ್ಟಿಯಾಗಲೆಂದು ಸಿಮೆಂಟು ಹೆಚ್ಚಿಸಿದಷ್ಟೂ ಗಿಲಾವು ಕುಗ್ಗಿ, ಬಲೆಯಂತೆ ಬಿರುಕು ಬಿಡುತ್ತದೆ. ಹಾರುಬೂದಿಯ ಕಣಗಳು ದುಂಡಾಗಿರುವುದರಿಂದ ಪಿಪಿಸಿ ಗಾರೆ ಕರಣೆಗೆ ನಯವಾಗಿ ಒದಗುತ್ತದೆ, ಒಂದಿಷ್ಟು ಕಡಿಮೆ ನೀರಿನಲ್ಲೇ ಹದಕ್ಕೆ ಬರುತ್ತದೆ.

ಅಳತೆಯಲ್ಲೂ ಒಂದು ಸೂಕ್ಷ್ಮವಿದೆ. ಹಾರುಬೂದಿ ಹಗುರವಾದ್ದರಿಂದ ಒಂದೇ ಬಾಂಡ್ಲಿಯಲ್ಲಿ ಅಳೆದರೆ ಪಿಪಿಸಿ ತೂಕದಲ್ಲಿ ಕಡಿಮೆ ಬರುತ್ತದೆ. ಬಾಂಡ್ಲಿ ಲೆಕ್ಕ ಬಿಟ್ಟು 50 ಕಿಲೋ ಚೀಲವನ್ನು ಇಡಿಯಾಗಿ ಸುರಿದು, ಮರಳು ಜಲ್ಲಿಗಳನ್ನು ಅದಕ್ಕೆ ಹೊಂದಿಸುವುದು ಸರಿ. ರೆಡಿಮಿಕ್ಸ್ ತರಿಸುವುದಾದರೆ ಘಟಕದಲ್ಲಿ ಒಪಿಸಿಗೆ ಎಷ್ಟು ಹಾರುಬೂದಿ ಸೇರಿಸುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಬಿಲ್ಲಿನಲ್ಲಿ ಒಪಿಸಿ ಎಂದೇ ಇದ್ದರೂ ನಿಮ್ಮ ಸ್ಲ್ಯಾಬಿಗೆ ಬಂದು ಬಿದ್ದದ್ದು ಬೆರಕೆ ಸಿಮೆಂಟಿನ ಕಾಂಕ್ರೀಟೇ ಆಗಿರಬಹುದು, ಆಗ ಸೆಂಟ್ರಿಂಗ್ ಕಂಬಗಳಿಗೂ ನೀರಿಗೂ ಪಿಪಿಸಿಯ ದಿನಗಳನ್ನೇ ಹಿಡಿಯಬೇಕು.